ಲೇಹ್‌ನಲ್ಲಿ ಅದೇ ಓಟ ಯಾಕೆ ಕಷ್ಟ?

ಪ್ರಶ್ನೆ: ಕಾರವಾರದ ಬೀಚಿನಲ್ಲಿ ಆರಾಮಾಗಿ ಓಡ್ತೇನೆ. ಲೇಹ್‌ನಲ್ಲಿ ಅದೇ ವೇಗಕ್ಕೆ ಏದುಸಿರು ಬಂತು. ಯಾಕೆ?

ಉತ್ತರ: ಅಲ್ಲಿ ನಿಮ್ಮ ದೇಹ ಪಡೆಯಬಲ್ಲ ಆಮ್ಲಜನಕದ ಮಿತಿಯೇ ಇಳಿದಿರುತ್ತದೆ, ಓಟಕ್ಕೆ ಬೇಕಾದದ್ದು ಮಾತ್ರ ಅಷ್ಟೇ ಇರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಆಮ್ಲಜನಕವನ್ನು ಶ್ವಾಸಕೋಶದಿಂದ ರಕ್ತಕ್ಕೆ ದಾಟಿಸುವುದು ಈ ಒತ್ತಡವೇ ಅಲ್ವಾ? ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು ಕಾರವಾರದ ಮೂರರಲ್ಲಿ ಎರಡು ಪಾಲು ಮಾತ್ರ.

ಕಾರವಾರದ ಟಾಗೋರ್ ಬೀಚಿನಲ್ಲಿ ನಿಮ್ಮ ಓಟ ಮಿತಿಯ ಶೇ. 70 ಬೇಡುತ್ತದೆ ಅಂದುಕೊಳ್ಳಿ. ಲೇಹ್‌ನಲ್ಲಿ ಮಿತಿ ಕಾಲು ಭಾಗ ಇಳಿದರೆ ಅದೇ ಓಟ ಶೇ. 93 ಬೇಡುತ್ತದೆ. ಇಲ್ಲಿ ಹರಟುತ್ತಾ ಓಡುವವರಿಗೆ ಅಲ್ಲಿ ಎರಡು ಮಾತಿಗೂ ಉಸಿರು ಸಾಲದು. ವಾಚ್ ನೋಡಬೇಡಿ, ಮಾತಾಡಲು ಆಗುವಷ್ಟು ನಿಧಾನ ಮಾಡಿ. ಸುಮ್ನೆ ಕೂತಾಗಲೂ ತಲೆನೋವು, ವಾಕರಿಕೆ ಇದ್ದರೆ ಓಡಲೇಬೇಡಿ.