ಅಕ್ಕಡಿ ಸಾಲಿನ ಸಂದರ್ಶನಗಳು: ಬರಹಕ್ಕಿಳಿಸುವುದು ಮತ್ತು ಥೀಮ್ ಕಟ್ಟುವುದು

ಪ್ರಶ್ನೆ: "ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೇನೆ. ತುಮಕೂರು ಜಿಲ್ಲೆಯ ರಾಗಿ ಬೆಳೆಗಾರರು ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಅವರೆ, ತೊಗರಿಯಂಥ ಬೆಳೆಗಳ ಸಾಲು, ಹಾಕುವುದನ್ನು ಏಕೆ ಬಿಟ್ಟರು ಅನ್ನೋ ಬಗ್ಗೆ 14 ಸಂದರ್ಶನಗಳ ರೆಕಾರ್ಡಿಂಗ್ ಕೊಟ್ಟಿದ್ದಾರೆ, ಒಂದೊಂದೂ ಸುಮಾರು 45 ನಿಮಿಷ. ಮೂರು ವಾರದಲ್ಲಿ ಎಲ್ಲವನ್ನೂ ಟೈಪ್ ಮಾಡಿ, ಉತ್ತರಗಳನ್ನು ಥೀಮ್‌ಗಳಾಗಿ ವಿಂಗಡಿಸಿ ಕೊಡಬೇಕಂತೆ. ಯಾರಾದರೂ ಈ ಕೆಲಸ ಮಾಡಿದ್ದರೆ ದಯವಿಟ್ಟು ದಾರಿ ಹೇಳಿ."

ನಮಸ್ಕಾರ. ರಾಗಿ ಸೀಮೆಯ ಮನೆಗಳಲ್ಲಿ ಇಂಥದೇ ಸಂದರ್ಶನಗಳನ್ನು ಕೆಲವು ವರ್ಷ ಬರಹಕ್ಕಿಳಿಸಿದ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಒಂದು ಗಂಟೆಯ ಮಾತನ್ನು ಟೈಪ್ ಮಾಡಲು ಕೈ ಪಳಗಿದವರಿಗೂ ನಾಲ್ಕೈದು ಗಂಟೆ ಬೇಕು. ಹೊಸಬರಿಗೆ, ಅದರಲ್ಲೂ ಹಟ್ಟಿಯ ಮುಂದೆ ಕೋಳಿ, ಟ್ರ್ಯಾಕ್ಟರ್ ಸದ್ದಿನ ನಡುವೆ ಮಾಡಿದ ರೆಕಾರ್ಡಿಂಗ್ ಆದರೆ ಆರು ಗಂಟೆ ಹಿಡಿಯುತ್ತದೆ. ನಿಮ್ಮ ಬಳಿ ಇರುವುದು ಹತ್ತೂವರೆ ಗಂಟೆಯ ಮಾತು, ಅಂದರೆ ಅರವತ್ತು ಗಂಟೆಯ ಆಸುಪಾಸಿನ ಟೈಪಿಂಗ್. ದಿನಕ್ಕೆ ನಾಲ್ಕು ಗಂಟೆ ದಾಟಿದರೆ ಕಿವಿ ಸೋಲುತ್ತದೆ; ಐದನೆಯ ಗಂಟೆಯಲ್ಲಿ ನಾನು ಟೈಪ್ ಮಾಡಿದ್ದನ್ನು ಮರುದಿನ ಕೇಳಿ ನೋಡಿದಾಗ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಿರುತ್ತಿದ್ದವು. ಆದ್ದರಿಂದ ಟೈಪಿಂಗ್ ಒಂದಕ್ಕೇ ಹದಿನೈದು ದಿನ ಹೋಗುತ್ತದೆ, ಭಾನುವಾರಗಳನ್ನು ಬಿಟ್ಟರೆ ವಿಂಗಡಿಸಲು ಮೂರು ದಿನ ಮಾತ್ರ ಉಳಿಯುತ್ತದೆ. ಈ ಲೆಕ್ಕವನ್ನು ಇಂದೇ ನಿಮ್ಮ ಮಾರ್ಗದರ್ಶಕರ ಮುಂದಿಟ್ಟು ಇನ್ನೊಂದು ವಾರ ಕೇಳಿ. ಕೊಡದಿದ್ದರೆ, ವಿಷಯಕ್ಕೆ ಸಂಬಂಧವಿಲ್ಲದ ಭಾಗಗಳನ್ನು ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಏನಿತ್ತು ಎಂದು ಒಂದು ಸಾಲಿನಲ್ಲಿ ಗುರುತಿಸಿ ಬಿಡಬಹುದೇ ಎಂದು ಅನುಮತಿ ಪಡೆಯಿರಿ.

ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರಿಸಿದ ಒಬ್ಬರು, ಎಲ್ಲವನ್ನೂ ಟೈಪ್ ಮಾಡುವುದು ವ್ಯರ್ಥ, ಸಾರಾಂಶ ಬರೆದರೆ ಸಾಕು ಎಂದಿದ್ದಾರೆ. ಮಗಳ ಮದುವೆಯ ಮಾತು, ಮಳೆಯ ಮಾತುಗಳ ಮಟ್ಟಿಗೆ ಅವರು ಹೇಳಿದ್ದು ಸರಿ. ಅಕ್ಕಡಿ ಬಿಟ್ಟ ಕಾರಣ ಬರುವ ಕಡೆ ಮಾತ್ರ ಸಾರಾಂಶ ಕೆಲಸವನ್ನೇ ಕೆಡಿಸುತ್ತದೆ, ಏಕೆಂದರೆ ನಮ್ಮ ಭಾಷೆಯಲ್ಲಿ ಕಾರಣದ ತೂಕವೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ. "ಬಿಟ್ವಿ" ಎಂದವರು ತಾವೇ ತೀರ್ಮಾನಿಸಿದವರು. "ಬಿಡ್ಬೇಕಾಯ್ತು" ಎಂದವರಿಗೆ ಬೇರೆ ದಾರಿಯಿರಲಿಲ್ಲ. "ಬಿಟ್ಟೋಯ್ತು" ಎಂದವರ ಮನೆಯಲ್ಲಿ ಯಾರೂ ಕುಳಿತು ತೀರ್ಮಾನಿಸಿಯೇ ಇರಲಿಲ್ಲ. ಈ ಮೂರನ್ನೂ "ಅಕ್ಕಡಿ ಪದ್ಧತಿಯನ್ನು ಕೈಬಿಟ್ಟರು" ಎಂದು ಗ್ರಂಥಸ್ಥ ಕನ್ನಡದಲ್ಲಿ ತಿದ್ದಿ ಬರೆದರೆ ಮೂರು ಬೇರೆ ಬೇರೆ ಉತ್ತರಗಳು ಒಂದಾಗಿಬಿಡುತ್ತವೆ. ಹಾಗೆಯೇ "ಇಳುವರಿ ಕಮ್ಮಿಯಾಗ್ತದೆ" ಎಂಬುದು ಕಂಡ ಮಾತು, "ಕಮ್ಮಿಯಾಗ್ತದಂತೆ" ಎಂಬುದು ಕೇಳಿದ ಮಾತು. ಆ ಒಂದು "ಅಂತೆ" ಬಿಟ್ಟುಹೋದರೆ, ಯಾರೋ ಹೇಳಿದ ಸಂಗತಿ ರೈತರ ಸ್ವಂತ ಅನುಭವವಾಗಿ ವರದಿ ಸೇರುತ್ತದೆ.

ಅತಿ ಚಿಕ್ಕ ಶಬ್ದವೇ ಅತಿ ದೊಡ್ಡ ಅಪಾಯ. "ಹೂಂ" ಮತ್ತು "ಉಹೂಂ" ಗಾಳಿಯ ಸದ್ದಿನಲ್ಲಿ ಒಂದೇ ಆಗಿ ಕೇಳಿಸುತ್ತವೆ. ಬೀಜ ಕೊಂಡು ತರುತ್ತೀರಾ ಎಂಬ ಪ್ರಶ್ನೆಗೆ ಒಬ್ಬ ಅಜ್ಜಿ "ಉಹೂಂ" ಎಂದದ್ದನ್ನು ನಾನು "ಹೂಂ" ಎಂದು ಬರೆದಿದ್ದೆ. ಹತ್ತು ನಿಮಿಷದ ನಂತರ ಅವರು ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಬೀಜದ ಬಗ್ಗೆ ಹೇಳುವವರೆಗೂ ತಪ್ಪು ಗೊತ್ತಾಗಲಿಲ್ಲ. ಅಂಥ ಕಡೆ ಮೂರು ಸಲ ಕೇಳಿ, ಸ್ಪಷ್ಟವಾಗದಿದ್ದರೆ [ಸ್ಪಷ್ಟವಿಲ್ಲ 12:40] ಎಂದು ಸಮಯದೊಂದಿಗೆ ಬರೆದು ಮುಂದೆ ಹೋಗಿ. ಊಹಿಸಿ ತುಂಬಬೇಡಿ. "ನಾವು" ಎಂಬ ಪದದ ಬಗ್ಗೆಯೂ ಎಚ್ಚರವಿರಲಿ: ಅದು ಗಂಡ ಹೆಂಡತಿಯೋ, ಅಣ್ಣ ತಮ್ಮಂದಿರ ಕೂಡು ಕುಟುಂಬವೋ, ಇಡೀ ಊರೋ ಎಂಬುದು ಹಿಂದಿನ ಎರಡು ಮೂರು ಮಾತುಗಳಿಂದ ಮಾತ್ರ ತಿಳಿಯುತ್ತದೆ. ಹಾಗಾಗಿ ಸಂದರ್ಶಕರ ಪ್ರಶ್ನೆಯನ್ನೂ ಬಿಡದೆ ಟೈಪ್ ಮಾಡಿ.

ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೌಸರಿನಲ್ಲಿ ತೆರೆಯುವ oTranscribe ಉಚಿತ, ಮತ್ತು ಆಡಿಯೋ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. Esc ಒತ್ತಿದರೆ ಆಡಿಯೋ ನಿಲ್ಲುತ್ತದೆ ಅಥವಾ ಶುರುವಾಗುತ್ತದೆ, F1 ಹಿಂದಕ್ಕೆ ಒಯ್ಯುತ್ತದೆ, Ctrl+J ಸಮಯವನ್ನು ದಾಖಲಿಸುತ್ತದೆ. ಬರೆದದ್ದು ಬ್ರೌಸರಿನಲ್ಲೇ ಉಳಿಯುವುದರಿಂದ ಪ್ರತಿದಿನ ಸಂಜೆ ಕಡತವಾಗಿ ಇಳಿಸಿಟ್ಟುಕೊಳ್ಳಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ, ಆಮೇಲೆ "ಬೀಜ" ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ.

ಇನ್ನು ವಿಂಗಡಣೆ. ಎಲ್ಲ ಹದಿನಾಲ್ಕೂ ಮುಗಿಯಲಿ ಎಂದು ಕಾಯದೆ, ಮೊದಲ ಮೂರು ಮುಗಿದೊಡನೆ ಶುರು ಮಾಡಿ. ಸ್ಪ್ರೆಡ್‌ಶೀಟ್‌ನಲ್ಲಿ ಸಂದರ್ಶನದ ಸಂಖ್ಯೆ, ಸಮಯ, ಅವರ ಮಾತು, ಕೋಡ್, ನಿಮ್ಮ ಟಿಪ್ಪಣಿ ಎಂಬ ಐದು ಕಲಂಗಳಿದ್ದರೆ ಹದಿನಾಲ್ಕು ಸಂದರ್ಶನಗಳಿಗೆ ಧಾರಾಳವಾಯಿತು. ಕೋಡ್ ಎಂದರೆ ಆ ಮಾತಿಗೆ ನೀವು ಕೊಡುವ ಚಿಕ್ಕ ಹೆಸರು. ಆದಷ್ಟೂ ಅವರದೇ ಪದಗಳಲ್ಲಿರಲಿ.

ನನ್ನ ಹಳೆಯ ಕೆಲಸದಿಂದ ನಾಲ್ಕು ಬೇರೆ ಬೇರೆ ಮನೆಗಳ ಮಾತು ಕೊಡುತ್ತೇನೆ. "ಸಾಲ್ನಾಗೆ ಅವ್ರೆ ಇದ್ರೆ ಮಿಷಿನ್ನವ್ನು ಬರಾಕಿಲ್ಲ ಅಂತಾನೆ, ಬಿಡ್ಬೇಕಾಯ್ತು." "ನಮ್ಮತ್ತೆ ಇರೋಗಂಟ ಹಾಕ್ತಿದ್ವಿ, ಬೀಜ ಅವ್ರೇ ಮಡಗ್ತಿದ್ರು." "ಅವ್ರೆಕಾಯಿ ಬಿಡಿಸಾಕೆ ಮನೇಲಿ ಯಾರವ್ರೆ?" "ಹೆಣ್ಮಕ್ಳು ಗಾರ್ಮೆಂಟ್ಸಿಗೆ ಹೊಂಟ್ರು, ಅಲ್ಲಿಗೆ ಮುಗೀತು." ಮೊದಲ ಸುತ್ತಿನಲ್ಲಿ ನಾನು ಇವನ್ನು ಯಂತ್ರ, ಬೀಜ, ಕೂಲಿ, ವಲಸೆ ಎಂದು ನಾಲ್ಕು ತಲೆಬರಹಗಳ ಕೆಳಗೆ ಹಾಕಿದೆ. ನೋಡಲು ಅಚ್ಚುಕಟ್ಟಾಗಿತ್ತು, ಆದರೆ ಅವು ನಾವು ಕೇಳಿದ್ದ ಪ್ರಶ್ನೆಗಳ ಪಟ್ಟಿಯೇ ಆಗಿದ್ದವು. ಥೀಮ್ ಕಟ್ಟಲು ಹೊರಟ ಹೊಸಬರು ಬಹುಪಾಲು ಎಡವುವುದು ಇಲ್ಲಿಯೇ. ತಲೆಬರಹ ಒಂದೇ ಪದದಲ್ಲಿದ್ದರೆ ಮತ್ತು ಅದು ಪ್ರಶ್ನಾವಳಿಯಲ್ಲಿ ಮೊದಲೇ ಇದ್ದರೆ, ಅದು ವಿಷಯದ ಡಬ್ಬಿ ಎಂದು ತಿಳಿಯಿರಿ. ಥೀಮ್ ಒಂದು ಪೂರ್ಣ ವಾಕ್ಯವಾಗಬೇಕು, ಮತ್ತು ಅದನ್ನು ಇನ್ನೊಬ್ಬರು ಅಲ್ಲಗಳೆಯಲು ಸಾಧ್ಯವಿರಬೇಕು.

ಎರಡನೆಯ ಸುತ್ತಿನಲ್ಲಿ ಅದೇ ಸಾಲುಗಳನ್ನು ಚೀಟಿಗಳಾಗಿ ಕತ್ತರಿಸಿ ನೆಲದ ಮೇಲೆ ಹರಡಿ, ಈ ಕೆಲಸವನ್ನು ಮಾಡುತ್ತಿದ್ದವರು ಯಾರು ಎಂದು ಪ್ರತಿಯೊಂದನ್ನೂ ಕೇಳಿದೆ. ಬೀಜ ಆರಿಸಿ ಇಟ್ಟವರು ಅತ್ತೆ. ಕಾಯಿ ಬಿಡಿಸಿದವರು ಮನೆಯ ಹೆಂಗಸರು. ರಾಗಿ ಕೊಯ್ಲಾದ ಮೇಲೂ ಹೊಲದಲ್ಲಿ ಉಳಿಯುವ ಅವರೆ, ತೊಗರಿಯನ್ನು ನಾಲ್ಕಾರು ಸಲ ಹೋಗಿ ಬಿಡಿಬಿಡಿಯಾಗಿ ತಂದವರೂ ಅವರೇ. ಆಗ ಹೊಳೆದ ವಾಕ್ಯ ಇದು: "ಅಕ್ಕಡಿ ನಿಂತಿದ್ದು ಮನೆಯ ಹೆಂಗಸರ ಬಿಡುವಿನ ಹೊತ್ತಿನ ಮೇಲೆ, ಆ ಹೊತ್ತು ಸಂಬಳಕ್ಕೆ ಹೋದ ಮೇಲೆ ಯಂತ್ರ ಬಂತು." ಇದನ್ನು ಪರೀಕ್ಷಿಸಲು ಪ್ರತಿಯೊಂದು ಬರಹಕ್ಕೂ ಮರಳಿ, ಯಾವುದು ಮೊದಲು ನಡೆಯಿತು ಎಂದು ನೋಡಿದೆ. ಹೆಚ್ಚಿನ ಮನೆಗಳಲ್ಲಿ ಅಕ್ಕಡಿ ಮೊದಲೇ ತೆಳುವಾಗಿ ಬದುವಿನ ಅಂಚಿಗೆ ಸರಿದಿತ್ತು, ಯಂತ್ರ ಆಮೇಲೆ ಬಂದಿತ್ತು. ಆದರೂ ಹೆಚ್ಚಿನವರು ಮೊದಲು ಹೇಳಿದ ಕಾರಣ ಯಂತ್ರವೇ. ಅತಿ ಹೆಚ್ಚು ಸಲ ಬಂದ ಪದವನ್ನೇ ಮುಖ್ಯ ಕಾರಣವೆಂದು ಎಣಿಸಿ ಕೊಟ್ಟಿದ್ದರೆ ನಾನು ತಪ್ಪುತ್ತಿದ್ದೆ.

ಒಂದು ಮನೆ ಈ ವಾಕ್ಯಕ್ಕೆ ಒಗ್ಗಲಿಲ್ಲ. ಅಲ್ಲಿ ಕೆಲಸಕ್ಕೆ ಮೂವರು ಹೆಂಗಸರಿದ್ದರೂ ಅಕ್ಕಡಿ ನಿಂತುಹೋಗಿತ್ತು, ಏಕೆಂದರೆ ಜಮೀನು ಬೇರೆಯವರದು, ಪಾಲಿಗೆ ಮಾಡಿದ್ದು, ಒಡೆಯರಿಗೆ ರಾಗಿ ಮಾತ್ರ ಬೇಕಿತ್ತು. ಅಂಥ ಮನೆಯನ್ನು ಪಕ್ಕಕ್ಕೆ ತಳ್ಳಬೇಡಿ. ನಾನು ನನ್ನ ವಾಕ್ಯವನ್ನು "ಸ್ವಂತ ಹೊಲವಿರುವ ಮನೆಗಳಲ್ಲಿ" ಎಂದು ಕಿರಿದುಗೊಳಿಸಿದೆ, ಮತ್ತು ಅದರಿಂದ ವಾಕ್ಯ ಗಟ್ಟಿಯಾಯಿತು.

ಇಲ್ಲಿ ಉತ್ತರಿಸಿದ ನಿವೃತ್ತ ಮೇಷ್ಟ್ರು ಕೋಡ್‌ಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡು, ಇಬ್ಬರು ಬೇರೆ ಬೇರೆಯಾಗಿ ಕೋಡ್ ಮಾಡಿ ಹೋಲಿಸಬೇಕು ಎಂದಿದ್ದಾರೆ. ಅವರಿಗೆ ಈ ಕ್ಷೇತ್ರದಲ್ಲಿ ನನಗಿಂತ ಹೆಚ್ಚು ತಿಳಿದಿದೆ, ಆದರೂ ಇಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ತಂಡದಲ್ಲಿ ಹಲವರು ಕೂಡಿ ಕೆಲಸ ಮಾಡುವಾಗ ಅದು ಸರಿಯಾದ ಕ್ರಮ. ಸಂಶೋಧಕಿಯರಾದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ವಿವರಿಸಿದ ಥೀಮ್ ವಿಶ್ಲೇಷಣೆಯ ದಾರಿ ಹಿಡಿದವರು ಸಾಮಾನ್ಯವಾಗಿ ಮಾತಿನಿಂದಲೇ ಕೋಡ್ ಹುಟ್ಟಲಿ ಎನ್ನುತ್ತಾರೆ, ಮತ್ತು ಇಬ್ಬರ ಹೊಂದಾಣಿಕೆಯ ಶೇಕಡಾವಾರನ್ನು ಗುಣಮಟ್ಟದ ಅಳತೆಯೆಂದು ಒಪ್ಪುವುದಿಲ್ಲ. ನಿಮ್ಮ ಸಂಸ್ಥೆ ಯಾವ ದಾರಿಯಲ್ಲಿದೆ ಎಂದು ಮೊದಲೇ ಕೇಳಿ. ಎರಡರಲ್ಲೂ ಒಂದು ಪದ್ಧತಿ ಉಪಯೋಗಕ್ಕೆ ಬರುತ್ತದೆ: ಪ್ರತಿ ಕೋಡ್‌ನ ಎದುರು ಅದರಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಒಂದೊಂದು ಸಾಲು ಬರೆದಿಡುವುದು. ಎಂಟನೆಯ ಸಂದರ್ಶನದ ಹೊತ್ತಿಗೆ "ಕೈಸಾಲದು" ಎಂಬ ನಿಮ್ಮದೇ ಕೋಡ್ ಆಳಿನ ಕೊರತೆಗೋ ಹಣದ ಕೊರತೆಗೋ ಎಂದು ನಿಮಗೇ ಮರೆತಿರುತ್ತದೆ.

ಇಲ್ಲಿ ಉತ್ತರಿಸಿದ ಇನ್ನೊಬ್ಬರು, ಪಾವಗಡದ ಕಡೆಯ ಅಣ್ಣ, ನಿಮ್ಮ ಪ್ರಶ್ನೆಯನ್ನು ಬಿತ್ತನೆಯ ಪ್ರಶ್ನೆಯೆಂದು ತಿಳಿದು, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ ಎಂದು ವಿವರಿಸಿ, ಕೊನೆಯಲ್ಲಿ "ನಾನಂತೂ ಬಿಟ್ಟಿಲ್ಲ, ನಮ್ಮವಳು ಬಿಡೋಕೆ ಬಿಡಲ್ಲ" ಎಂದು ಬರೆದಿದ್ದಾರೆ. ಆ ಕೊನೆಯ ಮಾತು ನಿಮಗೆ ಬೆಲೆಬಾಳುವಂಥದ್ದು. ಆದರೆ ಅದನ್ನು ನಿಮ್ಮ ಕಡತಕ್ಕೆ ಸೇರಿಸಬೇಡಿ. ಅವರು ಇಲ್ಲಿ ಬರೆದದ್ದು ನಮಗಾಗಿ, ನಿಮ್ಮ ಅಧ್ಯಯನಕ್ಕಾಗಿ ಅಲ್ಲ. ಬೇಕಿದ್ದರೆ ಮಾರ್ಗದರ್ಶಕರ ಒಪ್ಪಿಗೆ ಪಡೆದು, ಅವರನ್ನೂ ಅವರ ಮನೆಯವರನ್ನೂ ಕೇಳಿ ಹದಿನೈದನೆಯ ಸಂದರ್ಶನ ಮಾಡಿ.

ಇದೇ ಬಗೆಯ ಒಂದು ಪ್ರಶ್ನೆ ನನ್ನಲ್ಲಿ ಇನ್ನೂ ಬಗೆಹರಿದಿಲ್ಲ. ಗಂಡ ಜಗುಲಿಯಲ್ಲಿ ಉತ್ತರಿಸುತ್ತಿರುವಾಗ ಒಳಗಿನಿಂದ ಹೆಂಡತಿ "ಅದ್ಕೆ ಅಲ್ಲ ಬಿಟ್ಟಿದ್ದು" ಎಂದು ಕೂಗಿದ್ದು ರೆಕಾರ್ಡಿಂಗ್‌ನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಒಪ್ಪಿಗೆ ಕೊಟ್ಟವರು ಗಂಡ ಮಾತ್ರ. ನಾನು ಅದನ್ನು [ಒಳಗಿನಿಂದ ಇನ್ನೊಬ್ಬರ ಮಾತು] ಎಂದಷ್ಟೇ ಗುರುತಿಸಿ, ಮತ್ತೆ ಹೋಗಿ ಅವರನ್ನು ಕೇಳುವ ಅವಕಾಶಕ್ಕಾಗಿ ಬರೆದಿಟ್ಟೆ. ಅವಕಾಶ ಸಿಗಲಿಲ್ಲ, ಅವರ ಕಾರಣವೇನೆಂದು ಈಗಲೂ ಗೊತ್ತಿಲ್ಲ. ನಿಮ್ಮ ಹದಿನಾಲ್ಕರಲ್ಲಿ ನೇರವಾಗಿ ಮಾತನಾಡಿದ ಹೆಂಗಸರು ಎಷ್ಟು ಎಂದು ಮೊದಲೇ ಎಣಿಸಿ, ಆ ಸಂಖ್ಯೆಯನ್ನು ವರದಿಯ ಆರಂಭದಲ್ಲೇ ಕಾಣಿಸಿ.

ಮಾರ್ಗದರ್ಶಕರಿಗೆ ಕನ್ನಡ ಬಾರದಿದ್ದರೂ ಕೋಡ್ ಮಾಡುವುದು ಕನ್ನಡದಲ್ಲೇ ನಡೆಯಲಿ. ವರದಿಗೆ ಆಯ್ದ ಮಾತುಗಳನ್ನು ಮಾತ್ರ ಕೊನೆಯಲ್ಲಿ ಅನುವಾದಿಸಿ, ಮೂಲವನ್ನು ಪಕ್ಕದಲ್ಲೇ ಇಡಿ. ಬರಹದಲ್ಲಿ ಹೆಸರಿನ ಬದಲು ಸಂಖ್ಯೆ ಬಳಸಿ, ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಬೇರೆ ಕಡತದಲ್ಲಿ ಪಾಸ್‌ವರ್ಡ್ ಹಾಕಿಡಿ. ಊರಿನ ಹೆಸರು ತೆಗೆದ ಮೇಲೂ "ಡೇರಿ ಕಾರ್ಯದರ್ಶಿಯ ತಮ್ಮ" ಎಂಬ ಒಂದು ಮಾತು ಉಳಿದರೆ ಆ ಊರಿನವರಿಗೆಲ್ಲ ಅದು ಯಾರೆಂದು ತಿಳಿಯುತ್ತದೆ. ಕಳುಹಿಸುವ ಮುನ್ನ ಅಂಥ ಸುಳಿವುಗಳಿಗಾಗಿಯೇ ಎಲ್ಲ ಬರಹಗಳನ್ನೂ ಒಮ್ಮೆ ಓದಿ. ಮೊದಲ ಸಂದರ್ಶನದ ಒಂದು ಪುಟ ಟೈಪ್ ಆದ ಮೇಲೆ, ಹೆಸರು ಮತ್ತು ಇಂಥ ಸುಳಿವುಗಳನ್ನೆಲ್ಲ ತೆಗೆದು, ಮಾರ್ಗದರ್ಶಕರ ಅನುಮತಿಯಿದ್ದರೆ ನನಗೆ ಕಳುಹಿಸಿ. ಕೋಡ್ ಕಲಂ ತುಂಬಿ ತೋರಿಸುತ್ತೇನೆ.