ನೋಟಿಸ್ ಪೀರಿಯಡ್ ಮುಗಿಯುವ ಮೊದಲೇ ರಿಲೀವಿಂಗ್ ಲೆಟರ್ ಕೇಳಿದರೆ

"ರಿಕ್ರೂಟರ್ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಈಗಲೇ ಕಳಿಸಿ ಅಂತಿದ್ದಾರೆ. ನಾನಿನ್ನೂ ರಾಜೀನಾಮೆಯನ್ನೇ ಕೊಟ್ಟಿಲ್ಲ. ಏನು ಉತ್ತರ ಬರೆಯಲಿ?"

ಮೊದಲು ಯಾವ ಕಂಪನಿಯ ಪತ್ರ ಬೇಕು ಅಂತ ಕೇಳಿ. ಎಷ್ಟೋ ಸಲ ಎಲ್ಲರಿಗೂ ಒಂದೇ ಪಟ್ಟಿ ಕಳಿಸಿರುತ್ತಾರೆ, ಅವರಿಗೆ ಬೇಕಿರುವುದು ನಿಮ್ಮ ಹಿಂದಿನ ಕಂಪನಿಗಳದ್ದು. ಅವು ಇದ್ದರೆ ಕೊಟ್ಟುಬಿಡಿ.

ಈಗಿನ ಕಂಪನಿಯದ್ದೇ ಬೇಕು ಅಂದರೆ, ಇಲ್ಲದ ಪತ್ರ ಎಲ್ಲಿಂದ ತರುವುದು? ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅಂತ ಹೇಳುವ ಪತ್ರ ಅದು. ಕೊನೆಯ ದಿನ ಅಥವಾ ಲೆಕ್ಕ ಚುಕ್ತಾ ಆದ ಮೇಲೆ ಬರುತ್ತದೆ. ಅದಕ್ಕಾಗಿ ಈಗಲೇ ನಿಮ್ಮ ಎಚ್ಆರ್ ಹತ್ತಿರ ಹೋಗಬೇಡಿ. ನೀವು ಹೊರಡುವ ಯೋಚನೆಯಲ್ಲಿದ್ದೀರಿ ಅಂತ ಸುಮ್ನೆ ಗೊತ್ತಾಗುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ. ನಾನು ಈಗಲೂ ಇದೇ ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ. ಹಾಗಾಗಿ ಇಲ್ಲಿನ ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಕೊನೆಯ ದಿನದ ನಂತರವೇ ಸಿಗುತ್ತವೆ. ಸದ್ಯಕ್ಕೆ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಕಳೆದ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕಳಿಸುತ್ತಿದ್ದೇನೆ. ಆಫರ್ ಲೆಟರ್ ಬಂದ ಮೇಲೆ ರಾಜೀನಾಮೆ ಕೊಟ್ಟು, ಅದನ್ನು ಒಪ್ಪಿಕೊಂಡ ಮೇಲ್ ಕಳಿಸುತ್ತೇನೆ. ನನ್ನ ನೋಟಿಸ್ ಪೀರಿಯಡ್ 60 ದಿನ."

ಸ್ಲಿಪ್‌ನಲ್ಲಿರುವ ಬ್ಯಾಂಕ್ ಖಾತೆ ಸಂಖ್ಯೆಯನ್ನು ಮುಚ್ಚಿ ಕಳಿಸಿ. ಆಫರ್ ಬರುವ ಮೊದಲು ಅದು ಅವರಿಗೆ ಬೇಕಿಲ್ಲ. ಪಿಎಫ್ ಇದ್ದರೆ ಯುಎಎನ್ ಖಾತೆಯ ಸರ್ವಿಸ್ ಹಿಸ್ಟರಿ ಪುಟವೂ ಒಳ್ಳೆಯ ದಾಖಲೆ. ಅಲ್ಲಿ ಕಂಪನಿಯ ಹೆಸರು, ಸೇರಿದ ದಿನ ಕಾಣುತ್ತವೆ. ನೀವಿನ್ನೂ ಬಿಟ್ಟಿಲ್ಲವಾದ್ದರಿಂದ ಬಿಟ್ಟ ದಿನಾಂಕ ಮಾತ್ರ ಇರುವುದಿಲ್ಲ.

ನನಗೆ ನಿಜಕ್ಕೂ ಭಯವಾಗುವುದು ಇದರ ಮುಂದಿನ ಮಾತು: "ಹಾಗಾದರೆ ಮೊದಲು ರಿಸೈನ್ ಮಾಡಿ, ಆಮೇಲೆ ಆಫರ್ ಕೊಡ್ತೀವಿ." ದಯವಿಟ್ಟು ಒಪ್ಪಬೇಡಿ. ಸಂಬಳ, ಹುದ್ದೆ, ಸೇರುವ ದಿನ ಎಲ್ಲ ಬರೆದ ಆಫರ್ ಲೆಟರ್ ಕೈಯಲ್ಲಿಲ್ಲದೆ ರಾಜೀನಾಮೆ ಕೊಟ್ಟರೆ, ಅವರು ಮನಸ್ಸು ಬದಲಾಯಿಸಿದ ದಿನ ನಿಮಗೆ ಎರಡೂ ಕಡೆ ಕೆಲಸ ಇರುವುದಿಲ್ಲ.

ಆಫರ್ ಬಂತು, ಜೂನ್ 2ಕ್ಕೆ ರಾಜೀನಾಮೆ ಕೊಟ್ಟಿರಿ ಅಂದುಕೊಳ್ಳಿ. 60 ದಿನ ಅಂದರೆ ಕೊನೆಯ ದಿನ ಆಗಸ್ಟ್ 1ರ ಹೊತ್ತಿಗೆ. ಆ ದಿನಾಂಕ ಇರುವ ಒಪ್ಪಿಗೆ ಮೇಲ್ ತರಿಸಿಕೊಂಡು ಹೊಸ ಕಂಪನಿಗೆ ಕಳಿಸಿ. ಆಫೀಸಿನ ಮೇಲ್ ಕೊನೆಯ ದಿನ ಬಂದ್ ಆಗುತ್ತದೆ, ಹಾಗಾಗಿ ಅದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ರಿಲೀವಿಂಗ್ ಲೆಟರ್ ತಡವಾಗುವುದು ಜಾಸ್ತಿ. ಅದಕ್ಕೆ, ಈ ಒಪ್ಪಿಗೆ ಮೇಲ್ ನೋಡಿ ಕೆಲಸಕ್ಕೆ ಸೇರಿಸಿಕೊಂಡು ಪತ್ರವನ್ನು ಆಮೇಲೆ ತೆಗೆದುಕೊಳ್ಳುತ್ತೀರಾ ಅಂತ ಹೊಸ ಕಂಪನಿಯನ್ನು ಈಗಲೇ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ಪಡೆಯಿರಿ.