ಎರಡು ಅರ್ಥದ ನಡುವೆ ‘ಮತ್ತು’ ಇದೆಯಾ, ‘ಅಥವಾ’ ಇದೆಯಾ?

ಪ್ರಶ್ನೆ: ಸರ್, ಕವಿರಾಜಮಾರ್ಗದ ‘ಚದುರರ್ ನಿಜದಿಂ ಕುರಿತೋದದೆಯುಂ’ ಸಾಲಿಗೆ ಹಲವು ಅರ್ಥ ಇದೆ ಅಂತ ಸೆಮಿನಾರ್ ಪೇಪರ್ ಬರೆದೆ. ‘ಏನೂ ಸ್ಪಷ್ಟ ಇಲ್ಲ, ಒಂದು ನಿಲುವು ಹಿಡಿಯಿರಿ’ ಅಂತ ವಾಪಸ್ ಬಂತು. ಹಲವು ಅರ್ಥ ಇದೆ ಅನ್ನುವುದೇ ನನ್ನ ನಿಲುವು ಆಗಬಾರದಾ? (ಎಂ.ಎ. ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಆಗಬಹುದು. ನಿಮ್ಮ ಪೇಪರಿನಲ್ಲಿ ಆಗಿಲ್ಲ, ಅಷ್ಟೇ. ನೀವು ಕಳಿಸಿದ ಎರಡು ಪುಟ ಓದಿದೆ. ‘ಈ ಸಾಲು ಹಲವು ಅರ್ಥಸಾಧ್ಯತೆಗಳನ್ನು ತೆರೆದಿಡುತ್ತದೆ’ ಎಂದು ಮೂರು ಕಡೆ ಬರೆದಿದ್ದೀರಿ. ಯಾವ ಅರ್ಥಕ್ಕೆ ಏನು ಆಧಾರ, ಯಾವುದು ಯಾವುದರ ಜೊತೆ ನಿಲ್ಲುತ್ತದೆ ಎಂದು ಒಂದು ಕಡೆಯೂ ಇಲ್ಲ. ಈ ಪ್ರಶ್ನೆ ನನಗೆ ಪ್ರತಿ ವರ್ಷ ಬರುತ್ತದೆ, ಆ ವಾಕ್ಯವೂ ಜೊತೆಗೇ ಬರುತ್ತದೆ. ಒಮ್ಮೆ ಕೂತು ಬಿಡಿಸೋಣ. ಪೂರ್ತಿ ಕಂದ ಹೀಗಿದೆ:

ಪದನರಿದು ನುಡಿಯಲುಂ ನುಡಿ
ದುದನರಿದಾರಯಲುಮಾರ್ಪರಾ ನಾಡವರ್ಗಳ್
ಚದುರರ್ ನಿಜದಿಂ ಕುರಿತೋ
ದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್

ಮೊದಲು ಒಂದು ಅರ್ಥವನ್ನು ಹೊರಗೆ ಹಾಕಿ. ನಾನು ತಮಾಷೆ ಮಾಡುತ್ತಿಲ್ಲ. ಬಂದ ಅರ್ಥವನ್ನೆಲ್ಲ ಒಳಗೆ ಬಿಟ್ಟುಕೊಂಡವರ ಮಾತನ್ನು ಯಾರೂ ನಂಬುವುದಿಲ್ಲ. ‘ಪದನರಿದು’ ಎಂಬಲ್ಲಿ ನೀವು ‘ಪದ’ ಎಂದರೆ ಶಬ್ದ, ‘ಪದ’ ಎಂದರೆ ಹದ, ಎರಡೂ ಆಗುತ್ತದೆ ಎಂದಿದ್ದೀರಿ. ಪಠ್ಯದಲ್ಲಿರುವ ಅಕ್ಷರ ನೋಡಿ. ಅಲ್ಲಿರುವುದು ನಕಾರ. ‘ಪದನ್’ ಎಂಬ ಹಳಗನ್ನಡ ಪದವೇ ಮುಂದೆ ‘ಹದನು’ ಆಯಿತು. ಸಂಸ್ಕೃತದ ‘ಪದ’ ಆಗಿದ್ದರೆ ಸಹಜವಾಗಿ ಬರಬೇಕಾದ್ದು ಮಕಾರ: ‘ಪದಮರಿದು’. ಛಂದಸ್ಸು ತಡೆಯಿತು ಎನ್ನಲೂ ಆಗುವುದಿಲ್ಲ. ‘ಪದನರಿದು’ ಐದು ಮಾತ್ರೆ, ‘ಪದಮರಿದು’ ಕೂಡ ಐದೇ ಮಾತ್ರೆ. ಕಂದದ ಮೊದಲ ಸಾಲಿಗೆ ಬೇಕಾದ 12 ಮಾತ್ರೆ ಎರಡರಲ್ಲೂ ಸರಿಯಾಗಿ ಕೂರುತ್ತದೆ. ಪ್ರಾಸದ ದಕಾರಕ್ಕೂ ತೊಂದರೆ ಇಲ್ಲ. ಮಕಾರ ಹಾಕಲು ದಾರಿ ಇದ್ದೂ ನಕಾರ ಬಂದಿದೆ. ಹಾಗಾಗಿ ಇಲ್ಲಿ ಅರ್ಥ ಒಂದೇ: ಹದವರಿತು ಮಾತಾಡುವುದು. ನುಡಿಯ ಬಗೆಗಿನ ಪದ್ಯವಾದ್ದರಿಂದ ‘ಶಬ್ದ’ ಎಂಬುದು ಕಿವಿಯಲ್ಲಿ ಸಣ್ಣಗೆ ಕೇಳಿಸಬಹುದು. ಅದನ್ನು ಧ್ವನಿ ಎಂದು ಬರೆಯಿರಿ, ಅರ್ಥ ಎಂದು ಬರೆಯಬೇಡಿ. ಬರೆಯುವ ಮೊದಲು ನಿಮ್ಮ ಆವೃತ್ತಿಯ ಅಡಿಟಿಪ್ಪಣಿಯಲ್ಲಿ ಪಾಠಾಂತರ ಉಂಟಾ ನೋಡಿಕೊಳ್ಳಿ. ನನ್ನ ವಾದ ಪೂರ್ತಿ ನಿಂತಿರುವುದು ಆ ಒಂದು ‘ನ’ದ ಮೇಲೆ.

ಈಗ ‘ನಿಜದಿಂ’. ಇಲ್ಲಿ ನಿಜವಾಗಿಯೂ ಎರಡು ದಾರಿ ಇದೆ. ಆದರೆ ನೀವು ಹೇಳಿದ ಎರಡಲ್ಲ. ನೀವು ‘ಸತ್ಯವಾಗಿ’ ಮತ್ತು ‘ಸಹಜವಾಗಿ’ ಎಂದು ಬಿಡಿಸಿದ್ದೀರಿ. ಇಂದು ನಮಗೆ ‘ನಿಜ’ ಎಂದೊಡನೆ ಸತ್ಯ ಹೊಳೆಯುತ್ತದೆ, ಸರಿ. ಈ ಗ್ರಂಥ ಸುಮಾರು ಕ್ರಿ.ಶ. 850ರದ್ದು, ಅಮೋಘವರ್ಷ ನೃಪತುಂಗನ ಆಸ್ಥಾನದ್ದು. ಅಲ್ಲಿ ಮೊದಲು ಎಣಿಸಬೇಕಾದ್ದು ಸಂಸ್ಕೃತದಲ್ಲಿರುವ ಅರ್ಥ: ತನ್ನದು, ಹುಟ್ಟಿನಿಂದ ಬಂದದ್ದು. ‘ಸತ್ಯವಾಗಿ’ ಬೇಕೇ ಬೇಕು ಎಂದರೆ ಅದೇ ಕಾಲದ ಇನ್ನೊಂದು ಪ್ರಯೋಗ ತೋರಿಸಿ. ಇಲ್ಲದಿದ್ದರೆ ಬಿಟ್ಟುಬಿಡಿ.

ನಿಜವಾದ ಕವಲು ಅನ್ವಯದಲ್ಲಿದೆ. ‘ನಿಜದಿಂ’ ಹಿಂದಕ್ಕೆ ಸೇರಿದರೆ ‘ಚದುರರ್ ನಿಜದಿಂ’: ಈ ನಾಡಿನವರು ಹುಟ್ಟಿನಿಂದಲೇ ಚತುರರು. ಕಾವ್ಯದ ಪರಿಣತಿ ಅವರಿಗೆ ಎಲ್ಲಿಂದ ಬಂತು ಎಂದು ಆಗ ಪದ್ಯ ಹೇಳುವುದಿಲ್ಲ. ಕೇಳಿ ಕೇಳಿ ಬಂದಿರಬಹುದು. ಮುಂದಕ್ಕೆ ಸೇರಿದರೆ ‘ನಿಜದಿಂ ಪರಿಣತಮತಿಗಳ್’: ಕಾವ್ಯದ ಪರಿಣತಿಯೇ ಹುಟ್ಟುಗುಣ. ಇದು ತುಂಬ ದೊಡ್ಡ ಮಾತು. ಯಾಕೆಂದರೆ ಇದನ್ನು ಹೇಳುತ್ತಿರುವುದು ಕಾವ್ಯ ಕಲಿಸಲು ಹೊರಟ ಗ್ರಂಥ. ಎಲ್ಲರಿಗೂ ಹುಟ್ಟಿನಿಂದಲೇ ಬರುವುದಾದರೆ ಗ್ರಂಥಕಾರ ಶ್ರೀವಿಜಯ ಇಷ್ಟು ಕಷ್ಟಪಟ್ಟು ಲಕ್ಷಣ ಯಾಕೆ ಬರೆಯಬೇಕು? ಇದರ ಬೆನ್ನಿಗೇ ಬರುವ ಕಂದ ‘ಪೆರರುಂ ತಂತಮ್ಮ ನುಡಿಯೊಳೆಲ್ಲರ್ ಜಾಣರ್’ ಎನ್ನುತ್ತದೆ. ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರು ಎಂದು. ಗಮನಿಸಿ, ಜಾಣತನ ನುಡಿಯಲ್ಲಿ ಎಂದಿದೆ, ಕಾವ್ಯದಲ್ಲಿ ಎಂದಿಲ್ಲ. ಇದು ಹಿಂದಿನ ಅನ್ವಯಕ್ಕೆ ಬಲ ಕೊಡುತ್ತದೆ.

ಹಾಗಂತ ಮುಂದಿನದನ್ನು ಬಿಸಾಡಬೇಕಾ? ಬೇಡ. ಪದ ನಿಂತಿರುವ ಜಾಗವೇ ಎರಡರ ನಡುವೆ ಇದೆ. ಸಾಲು ಅಲ್ಲಿ ಮುರಿಯುವುದಿಲ್ಲ, ವ್ಯಾಕರಣವೂ ತಡೆಯುವುದಿಲ್ಲ. ಹಳಬರು ಇದಕ್ಕೆ ದೇಹಲೀದೀಪ ಎನ್ನುತ್ತಾರೆ. ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಬೆಳಕು ಕೊಡುತ್ತದೆ, ಜಗಲಿಗೂ ಕೊಡುತ್ತದೆ. ಆದರೆ ಇದಕ್ಕೆ ಎರಡು ಷರತ್ತು ಇದೆ. ಎರಡೂ ಕಡೆ ಆ ಪದಕ್ಕೆ ಅದೇ ಅರ್ಥ ಇರಬೇಕು. ಒಂದು ಕಡೆ ಒಪ್ಪಿದ್ದನ್ನು ಇನ್ನೊಂದು ಕಡೆ ಅಲ್ಲಗಳೆಯಬಾರದು. ‘ನಿಜದಿಂ’ ಎರಡರಲ್ಲೂ ಪಾಸು. ಹಾಗಾಗಿ ಇಲ್ಲಿ ಎರಡು ಅರ್ಥದ ನಡುವೆ ನೀವು ‘ಮತ್ತು’ ಹಾಕಬಹುದು. ಹಿಂದಿನದು ಮುಖ್ಯ, ಮುಂದಿನದು ಹೊಗಳಿಕೆಯ ಭರದಲ್ಲಿ ಜೊತೆಗೂಡುವಂಥದ್ದು ಎಂದು ತೂಕವನ್ನೂ ಹೇಳಿ.

‘ಕುರಿತೋದದೆಯುಂ’ ಹಾಗಲ್ಲ. ನಮ್ಮ ಮಾತಿನಲ್ಲೇ ನೋಡಿ. ‘ಅವನು ಕೂತು ಓದದೆ ಪಾಸಾದ’ ಎನ್ನುತ್ತೇವೆ. ‘ಕೂತು ಓದುವುದು’ ಎಂಬ ಪೂರ್ತಿ ಕೆಲಸವನ್ನೇ ಇಲ್ಲ ಎಂದೆವು. ‘ಅವನು ಕೂತು, ಓದದೆ, ಟೈಂಪಾಸ್ ಮಾಡಿದ’ ಎಂದರೆ ಕೂತದ್ದು ಉಂಟು, ಓದಿದ್ದು ಮಾತ್ರ ಇಲ್ಲ. ಇಲ್ಲಿಯೂ ಅದೇ ಕವಲು. ‘ಇಲ್ಲ’ ಎಂಬುದು ‘ಕುರಿತು ಓದು’ ಎಂಬ ಪೂರ್ತಿಯ ಮೇಲೆ ಬಿದ್ದರೆ: ಗುರಿಯಿಟ್ಟು ಅಭ್ಯಾಸ ಮಾಡದಿದ್ದರೂ. ‘ಓದು’ವಿನ ಮೇಲೆ ಮಾತ್ರ ಬಿದ್ದರೆ: ಗಮನವಿಟ್ಟು, ಆದರೆ ಓದದೆಯೂ. ಅಂದರೆ ನೋಡಿ, ಕೇಳಿ ಕಲಿತವರು.

ಎರಡನೆಯದು ನನಗೆ ಇಷ್ಟದ ಅರ್ಥ. ಈ ಕಡೆಯವರಿಗೆ ಅದು ಬೇಗ ಹಿಡಿಸುತ್ತದೆ ಕೂಡ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿಯೇ ಪ್ರಸಂಗದ ಪದ್ಯ ಬಾಯಿಗೆ ಬಂದವರು ಪ್ರತಿ ಮನೆಯಲ್ಲಿ ಇದ್ದರು, ಅಲ್ವಾ? ಪದ್ಯದೊಳಗೂ ಸ್ವಲ್ಪ ಆಧಾರ ಇದೆ. ‘ನುಡಿದುದನರಿದಾರಯಲುಂ’ ಎಂದು ಕೇಳಿ ತೂಗಿನೋಡುವ ಮಾತು ಮೊದಲೇ ಬಂದಿದೆ. ಆದರೆ ನನಗೆ ಇಷ್ಟ ಎಂಬುದು ಸಾಕ್ಷಿ ಅಲ್ಲ. ಈ ಅರ್ಥದಲ್ಲಿ ಏನನ್ನು ‘ಕುರಿತು’ ಎಂಬ ಪ್ರಶ್ನೆಗೆ ಪದ್ಯದಲ್ಲಿ ಉತ್ತರ ಇಲ್ಲ. ಮೊದಲನೆಯದರಲ್ಲಿ ಆ ತೊಂದರೆಯೇ ಇಲ್ಲ. ‘ಕುರಿತು’ ಎಂಬುದು ‘ಓದು’ವಿಗೆ ಅಂಟಿಕೊಂಡು ಕೂರುತ್ತದೆ. ಮುಖ್ಯವಾದ್ದು ಇನ್ನೊಂದು ಉಂಟು. ಇವೆರಡು ಒಟ್ಟಿಗೆ ನಿಲ್ಲುವುದಿಲ್ಲ. ಒಂದು ಅರ್ಥ ಗುರಿಯಿಟ್ಟದ್ದು ಇಲ್ಲ ಎನ್ನುತ್ತದೆ, ಇನ್ನೊಂದು ಉಂಟು ಎನ್ನುತ್ತದೆ. ಇಲ್ಲಿ ‘ಮತ್ತು’ ಹಾಕಿದರೆ ಸುಳ್ಳಾಗುತ್ತದೆ, ‘ಅಥವಾ’ ಹಾಕಬೇಕು. ನನ್ನ ಓಟು ಮೊದಲನೆಯದಕ್ಕೆ. ಎರಡನೆಯದನ್ನು ತಳ್ಳಿಹಾಕುವಷ್ಟು ಕಾರಣ ನನ್ನ ಕೈಯಲ್ಲಿಲ್ಲ ಎಂದೂ ಅದೇ ಪುಟದಲ್ಲಿ ಬರೆಯುತ್ತೇನೆ.

ನಿಮ್ಮ ಪೇಪರ್ ಕೆಟ್ಟದ್ದು ಇಲ್ಲೇ. ‘ಮತ್ತು’ ಇರುವ ಜಾಗವನ್ನೂ ‘ಅಥವಾ’ ಇರುವ ಜಾಗವನ್ನೂ ‘ಬಹುತ್ವ’ ಎಂಬ ಒಂದೇ ಚೀಲಕ್ಕೆ ತುಂಬಿಸಿದ್ದೀರಿ. ಆಮೇಲೆ ಓದಿದವರಿಗೆ ನೀವು ಏನು ಹೇಳಿದಿರಿ, ಏನನ್ನು ಬಿಟ್ಟಿರಿ ಗೊತ್ತಾಗುವುದಿಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ: ‘ನಿಜದಿಂ ಎಂಬುದು ಎರಡೂ ಕಡೆಗೆ ಅನ್ವಯವಾಗುತ್ತದೆ, ಎರಡೂ ಒಟ್ಟಿಗೆ ನಿಲ್ಲುತ್ತವೆ, ಹಿಂದಿನದು ಮುಖ್ಯ. ಕುರಿತೋದದೆ ಎಂಬುದನ್ನು ಎರಡು ರೀತಿ ಬಿಡಿಸಬಹುದು, ಒಟ್ಟಿಗೆ ನಿಲ್ಲವು, ಮೊದಲನೆಯದಕ್ಕೆ ಆಧಾರ ಜಾಸ್ತಿ. ಪದನ್ ಎಂಬುದಕ್ಕೆ ಒಂದೇ ಅರ್ಥ.’ ಇದರಲ್ಲಿ ಪ್ರತಿ ವಾಕ್ಯವನ್ನೂ ಯಾರಾದರೂ ತಪ್ಪು ಎಂದು ವಾದಿಸಬಹುದು. ‘ಅರ್ಥಸಾಧ್ಯತೆಗಳನ್ನು ತೆರೆದಿಡುತ್ತದೆ’ ಎಂಬುದನ್ನು ಯಾರೂ ತಪ್ಪು ಎನ್ನಲಾರರು. ಆ ವಾಕ್ಯದ ರೋಗವೇ ಅದು.

ಇನ್ನೊಂದು ಮಾತು. ‘ಕನ್ನಡಿಗರು ನಿರಕ್ಷರಿಗಳಾಗಿದ್ದೂ ಕವಿಗಳು’ ಎಂದು ನವೆಂಬರ್ ಬಂದರೆ ಸಾಕು, ಮೈಕ್ ಸಿಕ್ಕಿದಲ್ಲೆಲ್ಲ ಹೇಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅದು ಮೂರನೇ ಅರ್ಥವಾಗಿ ಕೂತಿದೆ. ಅದು ಅರ್ಥವೇ ಅಲ್ಲ ಮಾರಾಯ್ರೆ. ಅಕ್ಷರ ಬರುತ್ತಿತ್ತಾ ಇಲ್ಲವಾ ಎಂಬ ವಿಷಯದಲ್ಲಿ ಪದ್ಯ ಬಾಯಿ ಬಿಟ್ಟಿಲ್ಲ. ಕೂತು ಓದದೆ ಪಾಸಾದ ಹುಡುಗನನ್ನು ಅನಕ್ಷರಸ್ಥ ಎನ್ನುತ್ತೀರಾ? ಪದ್ಯ ಸುಮ್ಮನಿದ್ದ ಕಡೆ ನಾವು ತುಂಬಿಸಿದ್ದನ್ನು ಅರ್ಥಗಳ ಲೆಕ್ಕಕ್ಕೆ ಸೇರಿಸಬಾರದು. ಪರಿಣತಮತಿಗಳ್ ಎಂದರೆ ಕವಿಗಳು ಎಂದೂ ಅಲ್ಲ.

ಪ್ರಶ್ನೆ: ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಒಂದೇ ಪದ್ಯಕ್ಕೆ ಬೇಕಾದ ಅರ್ಥ ಎಳೆಯುತ್ತಾರೆ. ಲೇಖನದಲ್ಲಿ ನಾವು ಮಾಡಿದರೆ ಮಾತ್ರ ತಪ್ಪಾ? (ಓದುಗರು, ಕುಂದಾಪುರ)

ಉತ್ತರ: ಅಲ್ಲಿ ಎದುರು ಒಬ್ಬರು ಕೂತಿರುತ್ತಾರೆ. ಎಳೆದದ್ದು ಜಾಸ್ತಿಯಾದರೆ ಅಲ್ಲೇ ಹಿಡಿದು ಕೇಳುತ್ತಾರೆ, ಸಭೆ ನಗುತ್ತದೆ. ಲೇಖನದಲ್ಲಿ ಆ ಎದುರಾಳಿಯ ಕುರ್ಚಿ ಖಾಲಿ. ಅದರಲ್ಲೂ ನೀವೇ ಕೂರಬೇಕು.

ಪ್ರಶ್ನೆ: ನಿಘಂಟಿನಲ್ಲಿ ಒಂದು ಪದಕ್ಕೆ ಏಳು ಅರ್ಥ ಕೊಟ್ಟಿದ್ದಾರೆ. ಏಳನ್ನೂ ಸಾಲಿಗೆ ಹಾಕಿ ನೋಡಬಹುದಾ? (ಬಿ.ಎ. ವಿದ್ಯಾರ್ಥಿ, ಕಾರ್ಕಳ)

ಉತ್ತರ: ಹಾಕಿ ನೋಡಿ. ವಾಕ್ಯ ಪೂರ್ತಿ ಓದಲು ಬರದ ಐದನ್ನು ಅಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಕೂಡಿಸಿದರೆ ಹಳೆಯ ಪದ್ಯಗಳ ಗುಪ್ತ ಅರ್ಥ ಸಿಗುತ್ತದೆ ಎಂದು ಒಬ್ಬರು ಕಾರ್ಯಾಗಾರ ಮಾಡುತ್ತಾರೆ. ಸೇರಬಹುದಾ? (ಗೃಹಿಣಿ, ಮಣಿಪಾಲ)

ಉತ್ತರ: ಬೇಡ. ಸಂಖ್ಯೆಯನ್ನು ಪದದಲ್ಲಿ ಅಡಗಿಸುವ ಕ್ರಮ ನಮ್ಮಲ್ಲಿ ಇತ್ತು, ಕಟಪಯಾದಿ ಅದೇ. ಆದರೆ ಹಾಗೆ ಬರೆದಲ್ಲಿ ಮಾತ್ರ ಅದನ್ನು ಹಾಗೆ ಬಿಡಿಸುವುದು. ಸಿಕ್ಕ ಪದ್ಯಕ್ಕೆಲ್ಲ ಕೂಡಿಸುವ ಲೆಕ್ಕ ಹಾಕುವವರು ನಿಮ್ಮ ಹಾಲಿನ ಬಿಲ್ಲಿನಲ್ಲೂ ಗುಪ್ತ ಅರ್ಥ ತೆಗೆದುಕೊಟ್ಟಾರು.

ಪ್ರಶ್ನೆ: ಇಷ್ಟೆಲ್ಲ ಅರ್ಥ ಕವಿಯ ಮನಸ್ಸಿನಲ್ಲಿ ಇತ್ತಾ? (ನಾಲ್ವರು ಕೇಳಿದ್ದಾರೆ)

ಉತ್ತರ: ಶ್ರೀವಿಜಯನ ಮನಸ್ಸು ನನ್ನ ಬಳಿ ಇಲ್ಲ, ಪದ್ಯ ಇದೆ. ‘ನಿಜದಿಂ’ ಎಂಬುದನ್ನು ಎರಡರ ನಡುವೆ ಇಟ್ಟದ್ದು ಆ ಪದ್ಯದಲ್ಲಿ ಕಾಣುತ್ತದೆ.